ತೂಕ ತಗ್ಗಿದರೆ ದರ ಎಷ್ಟು ಏರುತ್ತದೆ?

ಬೆಂಗಳೂರಿನ ಬಡಾವಣೆಗಳಿಗೆ ಈರುಳ್ಳಿ ತುಂಬಿದ ಸರಕು ಆಟೊಗಳು ಬರುತ್ತವೆ. ಮುಂದೆ ಕಟ್ಟಿದ ಮೈಕಿನಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ಕೂಗು: ಐದು ಕೆಜಿ ನೂರು ರೂಪಾಯಿ, ಐದು ಕೆಜಿ ನೂರು ರೂಪಾಯಿ. ಬೀದಿಯ ಕೊನೆಯ ಅಂಗಡಿಯಲ್ಲಿ ಅದೇ ಈರುಳ್ಳಿಗೆ ಕೆಜಿಗೆ ಇಪ್ಪತ್ಮೂರೂವರೆ ರೂಪಾಯಿ ಇದೆ ಎಂದುಕೊಳ್ಳೋಣ. ಗಾಡಿಯಲ್ಲಿ ಇಪ್ಪತ್ತು, ಅಂಗಡಿಯಲ್ಲಿ ಇಪ್ಪತ್ಮೂರೂವರೆ. ಯಾವುದು ಅಗ್ಗ ಎಂದು ಯೋಚಿಸುವ ಅಗತ್ಯವೇ ಇಲ್ಲವೆನ್ನಿಸುತ್ತದೆ.

ಮನೆಗೆ ತಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಚೀಲದಲ್ಲಿರುವುದು 4 ಕೆಜಿ 200 ಗ್ರಾಂ. ಐದು ಕೆಜಿಗೆ 800 ಗ್ರಾಂ ಕಡಿಮೆ, ಅಂದರೆ ಕೆಜಿಗೆ 160 ಗ್ರಾಂ. ಇಲ್ಲಿ ಮನೆಯಲ್ಲಿ ಯಾರಾದರೂ ಒಬ್ಬರು ಲೆಕ್ಕ ಹಾಕೇ ಹಾಕುತ್ತಾರೆ. ಸಾವಿರಕ್ಕೆ 160 ಎಂದರೆ ಶೇ 16. ಇಪ್ಪತ್ತು ರೂಪಾಯಿಗೆ ಶೇ 16 ಸೇರಿಸಿದರೆ 23 ರೂಪಾಯಿ 20 ಪೈಸೆ. ತೂಕದಲ್ಲಿ ಮೋಸವಾದರೂ ಅಂಗಡಿಗಿಂತ ಮೂವತ್ತು ಪೈಸೆ ಉಳಿಯಿತಲ್ಲ, ಹೋಗಲಿ ಬಿಡು ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಆ ಲೆಕ್ಕ ತಪ್ಪು. ಕೊಟ್ಟದ್ದು ನೂರು ರೂಪಾಯಿ, ಬಂದದ್ದು 4.2 ಕೆಜಿ. ನೂರನ್ನು 4.2ರಿಂದ ಭಾಗಿಸಿದರೆ ಕೆಜಿಗೆ 23 ರೂಪಾಯಿ 81 ಪೈಸೆ ಬೀಳುತ್ತದೆ. ಅಂಗಡಿಯ ದರಕ್ಕಿಂತ 31 ಪೈಸೆ ಜಾಸ್ತಿ. ಅಗ್ಗವೆಂದು ಕೊಂಡದ್ದು ತುಟ್ಟಿಯಾಗಿದೆ. ಹಣದ ಮೊತ್ತ ಸಣ್ಣದಿರಬಹುದು, ಆದರೆ ಎಲ್ಲಿ ಕೊಳ್ಳಬೇಕೆಂಬ ತೀರ್ಮಾನವೇ ತಿರುಗಿಬಿತ್ತು.

ಎರಡು ಲೆಕ್ಕಗಳು ಬೇರೆ ಬೇರೆ ಉತ್ತರ ಕೊಡುವುದೇಕೆ? ಮಾತು ಕೊಟ್ಟ ಒಂದು ಕಿಲೊದಲ್ಲಿ ಕಾಣೆಯಾದ 160 ಗ್ರಾಮಿಗೆ ನಾವು ಕೊಟ್ಟ ಹಣ 3 ರೂಪಾಯಿ 20 ಪೈಸೆ. ಈ ಹಣವನ್ನು ಹೊರಬೇಕಾದದ್ದು ಯಾವುದು? ಚೀಲದಲ್ಲಿ ನಿಜವಾಗಿ ಇರುವ ಈರುಳ್ಳಿ ಮಾತ್ರ. ಇರುವುದು 840 ಗ್ರಾಂ. ಆ 840 ಗ್ರಾಮಿನ ಮೇಲೆ 3 ರೂಪಾಯಿ 20 ಪೈಸೆ ಹೇರಿದರೆ ಪೂರ್ತಿ ಕಿಲೊಗೆ 3 ರೂಪಾಯಿ 81 ಪೈಸೆಯಾಗುತ್ತದೆ. ಶೇ 16 ಎಂದು ಲೆಕ್ಕ ಹಾಕಿದವರು ಆ ಭಾರವನ್ನು, ಬಾರದೇ ಇದ್ದ ಈರುಳ್ಳಿಯ ಮೇಲೂ ಹಂಚಿಬಿಟ್ಟಿದ್ದರು.

ಹಾಗಾಗಿ ಕೆಜಿಗೆ ಇಷ್ಟು ಗ್ರಾಂ ಕಡಿಮೆ ಎಂದು ಗೊತ್ತಿದ್ದಾಗ ಮಾಡಬೇಕಾದದ್ದು ಇಷ್ಟೆ: ಹೇಳಿದ ದರವನ್ನು ಸಾವಿರದಿಂದ ಗುಣಿಸಿ, ಕೈಗೆ ಬಂದ ಗ್ರಾಮಿನಿಂದ ಭಾಗಿಸಬೇಕು. ಕೆಜಿಗೆ 50 ಗ್ರಾಂ ಕಡಿಮೆಯಾದರೆ ದರ ಶೇ 5.26 ಏರುತ್ತದೆ, ಶೇ 5ಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. 100 ಗ್ರಾಂ ಕಡಿಮೆಯಾದರೆ ಶೇ 11.11. ಕಡಿತ 200 ಗ್ರಾಂ ಮುಟ್ಟಿದರೆ ದರ ಶೇ 25ರಷ್ಟು ಏರಿರುತ್ತದೆ, ಶೇ 20 ಅಲ್ಲ. ಕಡಿತ ಹೆಚ್ಚಿದಂತೆ ಅದನ್ನು ಹೊರುವ ಪದಾರ್ಥವೂ ಕಡಿಮೆಯಾಗುತ್ತ ಹೋಗುವುದರಿಂದ ದರ ಕಡಿತಕ್ಕಿಂತ ವೇಗವಾಗಿ ಏರುತ್ತದೆ.

ಬ್ಯಾಂಕ್ ಪರೀಕ್ಷೆಗೂ ಸರ್ಕಾರಿ ನೌಕರಿಯ ಪರೀಕ್ಷೆಗೂ ಓದುವ ಹುಡುಗ ಹುಡುಗಿಯರಿಗೆ ಈ ಲೆಕ್ಕ ಪರಿಚಿತ. ಅಸಲು ದರಕ್ಕೇ ಮಾರುತ್ತೇನೆಂದು ಹೇಳುವ ವ್ಯಾಪಾರಿ ಒಂದು ಕಿಲೊ ಬದಲು 900 ಗ್ರಾಂ ತೂಗಿದರೆ ಅವನ ಲಾಭ ಶೇಕಡಾ ಎಷ್ಟು ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಉತ್ತರ ಶೇ 11.11. ಅವನ ಲಾಭ ಮತ್ತು ಗಿರಾಕಿ ತೆತ್ತ ಹೆಚ್ಚುವರಿ ದರ ಒಂದೇ ಸಂಖ್ಯೆ. ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ಟಿಕ್ ಹಾಕುವವರೇ ತರಕಾರಿ ಗಾಡಿಯ ಮುಂದೆ ನಿಂತಾಗ ಶೇ 10 ಎಂದುಕೊಳ್ಳುವುದನ್ನು ಕಂಡಾಗ, ಈ ಪಾಠ ಪುಸ್ತಕದಿಂದ ಪೇಟೆಗೆ ಇಳಿದೇ ಇಲ್ಲವೆಂದು ನನಗೆ ಬೇಸರವಾಗುತ್ತದೆ.

ಶೇ 16 ಎಂಬ ಸಂಖ್ಯೆಗೂ ಒಂದು ಸರಿಯಾದ ಜಾಗವಿದೆ, ಅದನ್ನೂ ಹೇಳಬೇಕು. ಕೊಟ್ಟ ಹಣದಲ್ಲಿ ಎಷ್ಟು ವ್ಯರ್ಥವಾಯಿತು ಎಂದು ಕೇಳಿದರೆ ಉತ್ತರ ಶೇ 16. ನೂರು ರೂಪಾಯಿಯಲ್ಲಿ ಹದಿನಾರು ರೂಪಾಯಿಗೆ ಏನೂ ಬರಲಿಲ್ಲ. ದರ ಎಷ್ಟು ಏರಿತು ಎಂದು ಕೇಳಿದರೆ ಶೇ 19.05. ತಿಂಗಳ ಖರ್ಚಿನ ನಷ್ಟ ತಿಳಿಯಲು ಮೊದಲ ಸಂಖ್ಯೆ, ಇನ್ನೊಂದು ಅಂಗಡಿಯ ಜೊತೆ ಹೋಲಿಸಲು ಎರಡನೆಯದು. ಗಾಡಿಯವರು ಅದೇ ತಕ್ಕಡಿಯಲ್ಲಿ ಅಂಗಡಿಗೆ ಸರಿಸಮನಾಗಬೇಕಿದ್ದರೆ 23.50ರ ಶೇ 84ರಷ್ಟಕ್ಕೆ, ಅಂದರೆ ಕೆಜಿಗೆ 19 ರೂಪಾಯಿ 74 ಪೈಸೆಗೆ ಕೂಗಬೇಕಿತ್ತು. ಅಂಗಡಿಯ ದರದಿಂದ ಶೇ 16 ಇಳಿಸಿದಾಗ ಎರಡೂ ಕಡೆ ಒಂದಾಗುತ್ತದೆ. ಇಳಿಸುವಾಗ 16, ಏರಿಸುವಾಗ 19. ಇಷ್ಟು ನೆನಪಿದ್ದರೆ ಗೊಂದಲವಾಗದು.

ಈಗ ಇನ್ನೂ ಸೂಕ್ಷ್ಮವಾದ ಒಂದು ವಿಷಯ. ಕೆಜಿಗೆ 80 ಗ್ರಾಂ ವ್ಯತ್ಯಾಸ ಎಂದು ನಾವು ಹೇಳುತ್ತೇವಲ್ಲ, ಅದು ಯಾವ ಕೆಜಿಗೆ? ತಕ್ಕಡಿ ತೋರಿಸಿದ ಕೆಜಿಗೋ, ನಿಜವಾದ ಕೆಜಿಗೋ? ವ್ಯತ್ಯಾಸ ಹೇಗೆ ಪತ್ತೆಯಾಯಿತು ಎಂಬುದರ ಮೇಲೆ ಇದು ನಿಂತಿದೆ.

ಅಂಗಡಿಯವರು ಒಂದು ಕಿಲೊ ಎಂದು ಕೊಟ್ಟದ್ದನ್ನು ಮನೆಯಲ್ಲಿ ತೂಗಿ 920 ಗ್ರಾಂ ಎಂದು ಕಂಡುಕೊಂಡಿದ್ದರೆ, ಅದು ತೋರಿಸಿದ ಕೆಜಿಗೆ 80 ಗ್ರಾಂ ಕಡಿಮೆ. ಆಗ ಭಾಗಾಕಾರ ಮಾಡಬೇಕು: ದರ ಶೇ 8.7 ಏರಿದೆ. ಹಳೆಯ ಕಾಲದ ಕಬ್ಬಿಣದ ಬಟ್ಟಿನ ಮೋಸವೂ ಇದೇ ಜಾತಿಯದು. ಬಟ್ಟಿನ ಕುಳಿಯಲ್ಲಿ ಸೀಸ ತುಂಬಿ, ಆ ಸೀಸದ ಮೇಲೆ ಇಲಾಖೆಯ ಮುದ್ರೆ ಒತ್ತಿರುತ್ತಾರೆ. ಸೀಸ ತೆಗೆದರೆ ಮೇಲೆ 1 ಕೆಜಿ ಎಂದೇ ಅಚ್ಚಾಗಿದ್ದರೂ ಬಟ್ಟು ಹಗುರವಾಗುತ್ತದೆ. ಅದರ ಎದುರು ತಟ್ಟೆಗೆ ಬೀಳುವ ಬೇಳೆಯೂ ಅಷ್ಟೇ ಹಗುರ.

ಇನ್ನೊಂದು ದಾರಿಯಲ್ಲಿ ಪತ್ತೆ ಮಾಡುವವರಿದ್ದಾರೆ. ಸೀಲ್ ಇರುವ ಒಂದು ಕಿಲೊ ಸಕ್ಕರೆ ಪೊಟ್ಟಣವನ್ನು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಡುತ್ತಾರೆ. ತಕ್ಕಡಿ 1.080 ಎಂದು ತೋರಿಸುತ್ತದೆ. ಇಲ್ಲಿಯೂ 80 ಗ್ರಾಂ ವ್ಯತ್ಯಾಸವೇ, ಆದರೆ ಇದು ನಿಜವಾದ ಕೆಜಿಯ ಮೇಲೆ ತಕ್ಕಡಿ ಸೇರಿಸಿ ಹೇಳಿದ 80. ಈ ತಕ್ಕಡಿ ಒಂದು ಕಿಲೊ ತೋರಿಸುವಾಗ ತಟ್ಟೆಯಲ್ಲಿರುವುದು 1000ವನ್ನು 1.08ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 926 ಗ್ರಾಂ. ಕಡಿತ 74 ಗ್ರಾಂ, 80 ಅಲ್ಲ. ದರದ ಏರಿಕೆ ಮಾತ್ರ ಸರಿಯಾಗಿ ಶೇ 8. ಹಾಗಾಗಿ ಪೊಟ್ಟಣದ ಪರೀಕ್ಷೆಯಲ್ಲಿ ಭಾಗಾಕಾರದ ಗೋಜೇ ಬೇಡ. ತಕ್ಕಡಿಯಲ್ಲಿ ಕಂಡ ಅಂಕಿಯನ್ನು ದರಕ್ಕೆ ಗುಣಿಸಿದರೆ ನಿಜವಾದ ದರ ಬಂತು. ಟೊಮೆಟೊ ಕೆಜಿಗೆ 50 ಎಂದಿದ್ದರೆ ನೀವು ಕೊಡುತ್ತಿರುವುದು 54.

ಮನೆಯಲ್ಲಿ ತೂಗಿದವರು ಭಾಗಿಸಬೇಕು, ಅಂಗಡಿಯಲ್ಲಿ ಪೊಟ್ಟಣ ಇಟ್ಟು ನೋಡಿದವರು ಗುಣಿಸಬೇಕು. ಎರಡರ ಹಿಂದೆ ಇರುವ ನಿಯಮ ಒಂದೇ. ಹಣ ಕೈ ಬದಲಾಯಿಸುವುದು ತಕ್ಕಡಿ ತೋರಿಸಿದ ತೂಕದ ಪ್ರಕಾರ, ಪದಾರ್ಥ ಕೈ ಬದಲಾಯಿಸುವುದು ಅದರ ನಿಜ ತೂಕದ ಪ್ರಕಾರ. ತೋರಿಸಿದ ತೂಕವನ್ನು ನಿಜ ತೂಕದಿಂದ ಭಾಗಿಸಿ ದರಕ್ಕೆ ಗುಣಿಸಿದರೆ ಯಾವ ಸಂದರ್ಭದಲ್ಲೂ ಸರಿಯುತ್ತರ ಸಿಗುತ್ತದೆ.

ನಾವೇ ಮಾರುವಾಗಲೂ ಇದೇ ನಿಯಮ. ಮನೆಗೆ ಬರುವ ಗುಜರಿಯವರು ಹಳೆಯ ಪತ್ರಿಕೆಯ ಕಟ್ಟನ್ನು ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎತ್ತುತ್ತಾರೆ. ಕಟ್ಟು ನಿಜವಾಗಿ 12 ಕೆಜಿ, ಮುಳ್ಳು ನಿಂತದ್ದು 10ರಲ್ಲಿ. ಕೆಜಿಗೆ 15 ರೂಪಾಯಿಯಂತೆ 150 ಕೈಗೆ ಬರುತ್ತದೆ. ಹತ್ತನ್ನು ಹನ್ನೆರಡರಿಂದ ಭಾಗಿಸಿ ಹದಿನೈದಕ್ಕೆ ಗುಣಿಸಿ: ನಿಮಗೆ ಸಿಕ್ಕ ದರ ಹನ್ನೆರಡೂವರೆ ರೂಪಾಯಿ. ಪಕ್ಕದ ಬೀದಿಯವರು 13 ರೂಪಾಯಿ ಹೇಳಿದರೆಂದು ಅವರನ್ನು ವಾಪಸ್ ಕಳಿಸಿದ್ದರೆ, ಅವರ ತಕ್ಕಡಿ ಸರಿಯಿದ್ದಲ್ಲಿ ಕಳೆದುಕೊಂಡದ್ದು ನೀವೇ.

ಇಲ್ಲಿಯವರೆಗಿನ ಲೆಕ್ಕವೆಲ್ಲ ಕೆಜಿಗೆ ಇಷ್ಟು ಎಂದು ಸಮನಾಗಿ ಕಡಿಮೆಯಾಗುವ ತಕ್ಕಡಿಯದು. ಪೇಟೆಯಲ್ಲಿ ಇನ್ನೊಂದು ಬಗೆಯಿದೆ. ಎಷ್ಟೇ ಕೊಂಡರೂ ಪ್ರತಿ ಸಲ ಒಂದೇ ಪ್ರಮಾಣ ಕಡಿಮೆಯಾಗುವುದು. ತಟ್ಟೆಯನ್ನೋ ಬುಟ್ಟಿಯನ್ನೋ ಇಟ್ಟ ಮೇಲೆ ಅಂಕಿಯನ್ನು ಸೊನ್ನೆಗೆ ತರದೆ ತೂಗಿದಾಗ ಹೀಗಾಗುತ್ತದೆ. ಬರಿ ಬುಟ್ಟಿಗೆ ತಕ್ಕಡಿ 40 ಗ್ರಾಂ ತೋರಿಸುತ್ತಿದೆ ಎಂದುಕೊಳ್ಳಿ. ಹುರುಳಿಕಾಯಿ ಕೆಜಿಗೆ 80 ರೂಪಾಯಿ. ಎರಡು ಕಿಲೊ ಕೊಂಡವರಿಗೆ ಬರುವುದು 1960 ಗ್ರಾಂ, ಅವರಿಗೆ ಬಿದ್ದ ದರ 81 ರೂಪಾಯಿ 63 ಪೈಸೆ. ಕಾಲು ಕಿಲೊ ಕೊಂಡವರಿಗೆ ಬರುವುದು 210 ಗ್ರಾಂ, ಅವರಿಗೆ ಬಿದ್ದ ದರ 95 ರೂಪಾಯಿ 24 ಪೈಸೆ. ಒಂದೇ ಗಾಡಿ, ಒಂದೇ ತಕ್ಕಡಿ, ಒಂದೇ ಕೂಗಿದ ದರ. ಅಂದಂದಿನ ಕೂಲಿಯಲ್ಲಿ ಅಂದಂದಿಗೆ ಬೇಕಾದಷ್ಟು ಕಾಲು ಕಿಲೊ ಕೊಳ್ಳುವ ಮನೆಗಳು, ಫ್ರಿಜ್ ತುಂಬ ಒಮ್ಮೆಗೇ ಕೊಂಡು ತರುವ ಮನೆಗಳಿಗಿಂತ ಕೆಜಿಗೆ ಹದಿಮೂರು ರೂಪಾಯಿಗೂ ಹೆಚ್ಚು ತೆರುತ್ತವೆ. ತೂಕದ ಮೋಸದಲ್ಲಿ ನನಗೆ ಅತ್ಯಂತ ಕ್ರೂರವೆನಿಸುವುದು ಇದು.

ಸಿಹಿ ಅಂಗಡಿಯ ಡಬ್ಬಿಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮೈಸೂರು ಪಾಕ್ ಕೆಜಿಗೆ 600 ರೂಪಾಯಿ. ರಟ್ಟಿನ ಡಬ್ಬಿ 60 ಗ್ರಾಂ. ಡಬ್ಬಿ ಸಮೇತ ಅರ್ಧ ಕಿಲೊ ತೂಗಿ 300 ರೂಪಾಯಿ ತೆಗೆದುಕೊಂಡರೆ ಸಿಹಿ ಬಂದದ್ದು 440 ಗ್ರಾಂ. ಕೆಜಿಗೆ ಬಿದ್ದದ್ದು 681 ರೂಪಾಯಿ 82 ಪೈಸೆ. ರಟ್ಟಿನ ಡಬ್ಬಿಗೆ ಮೈಸೂರು ಪಾಕಿನ ದರದಲ್ಲಿ 36 ರೂಪಾಯಿ ಕೊಟ್ಟಂತಾಯಿತು. ಕಾನೂನಿನ ಪ್ರಕಾರ ತೂಗಬೇಕಾದದ್ದು ಒಳಗಿನ ಪದಾರ್ಥದ ನಿವ್ವಳ ತೂಕವನ್ನು. ಖಾಲಿ ಡಬ್ಬಿಯನ್ನು ಮೊದಲು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ ಎಂದು ಹೇಳಲು ಸಂಕೋಚ ಬೇಡ.

ತಕ್ಕಡಿಯ ತಪ್ಪು ಎರಡು ಬಗೆಯಲ್ಲಿ ಯಾವುದು ಎಂದು ತಿಳಿಯಲು ಎರಡು ಪೊಟ್ಟಣ ಸಾಕು. ಒಂದನ್ನು ಇಟ್ಟು ನೋಡಿ, ಆಮೇಲೆ ಎರಡನ್ನೂ ಇಟ್ಟು ನೋಡಿ. ಮೊದಲು 1040, ಆಮೇಲೆ 2040 ಬಂದರೆ ಪ್ರತಿ ಸಲ 40 ಗ್ರಾಂ ಸೇರುವ ತಪ್ಪು. ಸೊನ್ನೆ ಸರಿಮಾಡಿದರೆ ಹೋಗುತ್ತದೆ. ಮೊದಲು 1080, ಆಮೇಲೆ 2160 ಬಂದರೆ ಯಂತ್ರದ ಅಳತೆಯೇ ಹಿಗ್ಗಿದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ಗೊತ್ತಾದ ತೂಕವನ್ನಿಟ್ಟು ಇದು ಒಂದು ಕಿಲೊ ಎಂದು ಕಲಿಸುವ ಕ್ರಮವಿದೆ. ಹಗುರವಾದದ್ದನ್ನಿಟ್ಟು ಕಿಲೊ ಎಂದು ಕಲಿಸಿದರೆ ಅದು ಆಮೇಲೆ ಎಲ್ಲವನ್ನೂ ಹಿಗ್ಗಿಸಿಯೇ ಹೇಳುತ್ತದೆ. ಈ ಕೆಲಸ ಮಾಡದಂತೆ ತಕ್ಕಡಿಗೆ ಸೀಲ್ ಹಾಕಿರುತ್ತಾರೆ. ಸೀಲ್ ಒಡೆದಿದ್ದರೆ ಅನುಮಾನಕ್ಕೆ ಆಧಾರವಿದೆ.

ಪೊಟ್ಟಣದ ಪರೀಕ್ಷೆಗೂ ಮಿತಿಯಿದೆ. ಪ್ಲಾಸ್ಟಿಕ್ ಕವರಿನದೇ ಕೆಲವು ಗ್ರಾಂ ಇರುತ್ತದೆ. ಮೇಲಾಗಿ, ಒಂದು ಕಿಲೊ ಎಂದು ಮುದ್ರಿಸಿದ ಪೊಟ್ಟಣದಲ್ಲಿ 15 ಗ್ರಾಂವರೆಗಿನ ವ್ಯತ್ಯಾಸವನ್ನು ನಿಯಮವೇ ಒಪ್ಪುತ್ತದೆ. ಆದ್ದರಿಂದ 1.010 ಅಥವಾ 1.015 ಕಂಡರೆ ಅಂಗಡಿಯವರ ಮೇಲೆ ರೇಗುವುದು ನ್ಯಾಯವಲ್ಲ. 1.050 ಕಂಡರೆ ಅದಕ್ಕೆ ಪೊಟ್ಟಣ ಕಾರಣವಲ್ಲ.

ತಕ್ಕಡಿಗೂ ಹೀಗೆಯೇ ಒಂದು ರಿಯಾಯಿತಿ ಇದೆ. ಕಿರಾಣಿ, ತರಕಾರಿ ಅಂಗಡಿಗಳಲ್ಲಿ ಸಾಮಾನ್ಯವಾಗಿರುವುದು ಮೂರನೇ ದರ್ಜೆಯ ತಕ್ಕಡಿ. ಅದರ ಪಟ್ಟಿಯ ಮೇಲೆ Max 30 kg, Min 100 g, e = 5 g ಎಂದು ಬರೆದಿದ್ದರೆ, ಬಳಕೆಯಲ್ಲಿರುವಾಗ ಅದು ಒಂದು ಕಿಲೊ ತೂಗುವಲ್ಲಿ 5 ಗ್ರಾಂ ಅತ್ತಿತ್ತ ಹೋಗಲು ಅವಕಾಶವಿದೆ. ಐದು ಕಿಲೊ ತೂಗುವಾಗ 10 ಗ್ರಾಂ. 40 ರೂಪಾಯಿಯ ಈರುಳ್ಳಿಗೆ ಕೆಜಿಗೆ 5 ಗ್ರಾಂ ಎಂದರೆ 20 ಪೈಸೆ, ಅದೂ ಒಮ್ಮೆ ಅವರಿಗೆ, ಒಮ್ಮೆ ನಮಗೆ. ಅದು ಯಂತ್ರದ ಸಹಜ ಅಲುಗಾಟ. ಕೆಜಿಗೆ 80, 160 ಗ್ರಾಂ ಒಂದೇ ಕಡೆಗೆ ವಾಲುವುದು ಸಹಜವಲ್ಲ. ಅದೇ ಪಟ್ಟಿಯ ಮೇಲಿನ Min 100 g ಎಂಬುದನ್ನೂ ಗಮನಿಸಿ. ಅದಕ್ಕಿಂತ ಕಡಿಮೆ ತೂಗಲು ಆ ಯಂತ್ರ ತಕ್ಕದ್ದಲ್ಲ. ಐವತ್ತು ಗ್ರಾಂ ಏಲಕ್ಕಿಯನ್ನು ಆಲೂಗಡ್ಡೆಯ ತಕ್ಕಡಿಯಲ್ಲಿ ತೂಗಿಸಿಕೊಳ್ಳಬೇಡಿ. ಕೆಜಿಗೆ 3000 ರೂಪಾಯಿಯ ಪದಾರ್ಥದಲ್ಲಿ 5 ಗ್ರಾಂ ಅಂದರೆ 15 ರೂಪಾಯಿ.

ನಮ್ಮ ಪೇಟೆಗಳಲ್ಲಿ ಕೊಸರು ಎಂಬ ಒಳ್ಳೆಯ ಪದ್ಧತಿ ಉಂಟು. ತೂಗಿದ ಮೇಲೆ ಎರಡು ಮೆಣಸಿನಕಾಯಿ, ಒಂದೆಸಳು ಕರಿಬೇವು, ಇನ್ನೊಂದು ಬದನೆಕಾಯಿ ಚೀಲಕ್ಕೆ ಹಾಕುತ್ತಾರೆ. ಗಿರಾಕಿಗೆ ಖುಷಿ, ವ್ಯಾಪಾರಿಗೆ ಮರ್ಯಾದೆ. ಸರಿಯಾದ ತಕ್ಕಡಿಯ ಮೇಲೆ ಬಂದ 30 ಗ್ರಾಂ ಕೊಸರು ಕೆಜಿಯನ್ನು 1030 ಮಾಡುತ್ತದೆ, 40 ರೂಪಾಯಿಯ ದರವನ್ನು 38 ರೂಪಾಯಿ 83 ಪೈಸೆಗೆ ಇಳಿಸುತ್ತದೆ. 80 ಗ್ರಾಂ ಕಡಿಮೆ ಕೊಡುವ ತಕ್ಕಡಿಯ ಮೇಲೆ ಬಂದ ಅದೇ ಕೊಸರು 920ನ್ನು 950 ಮಾಡುತ್ತದೆ. ದರ ಆಗಲೂ 42 ರೂಪಾಯಿ 11 ಪೈಸೆ. ಕೊಸರು ಕೊಟ್ಟರೆಂದು ತಕ್ಕಡಿಯನ್ನು ನಂಬಬೇಕಾಗಿಲ್ಲ.

ಈ ಲೆಕ್ಕ ಒಂದು ಜಾಗದಲ್ಲಿ ಮಾತ್ರ ಕೈಕೊಡುತ್ತದೆ, ನ್ಯಾಯಬೆಲೆ ಅಂಗಡಿಯಲ್ಲಿ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಕೊಡುವ ಅಕ್ಕಿ 2023ರ ಜನವರಿಯಿಂದ ಉಚಿತ. ಸೊನ್ನೆಯನ್ನು ಯಾವ ಸಂಖ್ಯೆಯಿಂದ ಭಾಗಿಸಿದರೂ ಸೊನ್ನೆಯೇ. ಎಷ್ಟು ಕಡಿಮೆ ತೂಗಿದರೂ ದರ ಸೊನ್ನೆಯೇ ಆಗಿರುತ್ತದೆ, ಆದ್ದರಿಂದ ನಷ್ಟವೇ ಇಲ್ಲವೆಂದು ತೋರುತ್ತದೆ. ಬಿಟ್ಟಿ ಬಂದದ್ದರಲ್ಲಿ ಲೆಕ್ಕವೇನು ಎಂಬ ಮಾತು ಸಾಲಿನಲ್ಲಿ ನಿಂತವರ ಬಾಯಲ್ಲೂ ಕೇಳಿಬರುತ್ತದೆ. ಇಲ್ಲಿ ದರ ನೋಡಬಾರದು, ಕೊರತೆಯನ್ನು ತುಂಬಿಕೊಳ್ಳಲು ತೆರುವ ಹಣ ನೋಡಬೇಕು. ನಾಲ್ಕು ಜನರ ಮನೆಗೆ 20 ಕೆಜಿ ಬರಬೇಕು. ಕೆಜಿಗೆ 50 ಗ್ರಾಂ ಕಡಿಮೆಯಾದರೆ ತಿಂಗಳಿಗೆ ಒಂದು ಕಿಲೊ ಹೋಯಿತು. ಆ ಕಿಲೊ ಅಕ್ಕಿಯನ್ನು ಅಂಗಡಿಯಲ್ಲಿ 50 ರೂಪಾಯಿಗೆ ಕೊಳ್ಳಬೇಕಾದರೆ ವರ್ಷಕ್ಕೆ 600 ರೂಪಾಯಿ. ಉಚಿತ ಎಂಬ ಕಾರಣಕ್ಕೆ ಅಲ್ಲಿ ತೂಕ ಕೇಳದಿರುವುದು ಸರಿಯಲ್ಲ, ಅಲ್ಲಿಯೇ ಹೆಚ್ಚು ಕೇಳಬೇಕು.

ಕೇಳುವುದಾದರೂ ಹೇಗೆ? ತೂಕ ಮತ್ತು ಅಳತೆ ಇಲಾಖೆ ಎಂದು ಹಿರಿಯರು ಕರೆಯುವ ಇಲಾಖೆಗೆ ಈಗಿನ ಹೆಸರು ಕಾನೂನು ಮಾಪನಶಾಸ್ತ್ರ ಇಲಾಖೆ. 2009ರ ಕಾಯ್ದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ತಕ್ಕಡಿಯನ್ನು 12 ತಿಂಗಳಿಗೊಮ್ಮೆ, ಬಟ್ಟು ಮತ್ತು ತೂಗುಕೋಲಿನ ತಕ್ಕಡಿಯನ್ನು 24 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಪರೀಕ್ಷೆ ಆದದ್ದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. ಅಂಗಡಿಯಲ್ಲಿ ಅದು ಗಿರಾಕಿಗೆ ಕಾಣುವಂತೆ ಇರಬೇಕು, ತಳ್ಳುಗಾಡಿಯವರಾದರೆ ತಮ್ಮ ಬಳಿ ಇಟ್ಟುಕೊಂಡಿರಬೇಕು. ಅವಧಿ ಮುಗಿದ ಮುದ್ರೆ ಮೋಸಕ್ಕೆ ಸಾಕ್ಷಿಯಲ್ಲ. ಎಷ್ಟೋ ಜನ ಸಣ್ಣ ವ್ಯಾಪಾರಿಗಳಿಗೆ ತಮ್ಮ ತಕ್ಕಡಿ ಹಿಗ್ಗಿರುವುದು ತಿಳಿದೂ ಇರುವುದಿಲ್ಲ. ಕುಗ್ಗಿ ತೋರಿಸುತ್ತಿದ್ದರೆ ಅವರಿಗೇ ನಷ್ಟ ಎಂದು ಹೇಳಿದರೆ ಮಾತು ಜಗಳಕ್ಕೆ ತಿರುಗುವುದಿಲ್ಲ. “ಅಣ್ಣಾ, ಈ ಸಕ್ಕರೆ ಪೊಟ್ಟಣ ಒಂದ್ಸಲ ಇಡಿ, ನೋಡೋಣ” ಎಂದರೆ ಸರಿಯಾದ ತಕ್ಕಡಿ ಇಟ್ಟುಕೊಂಡವರು ಇಟ್ಟು ತೋರಿಸುತ್ತಾರೆ.

ತೋರಿಸದಿದ್ದರೆ, ಅಥವಾ ತೋರಿಸಿದ ಮೇಲೆ ವ್ಯತ್ಯಾಸ ದೊಡ್ಡದಿದ್ದು ಸರಿಪಡಿಸದೆ ಹೋದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಕಚೇರಿಗೂ ದೂರು ಕೊಡಬಹುದು. ತೂಗಿದ ದಿನ, ಕೂಗಿದ ದರ, ಕೊಟ್ಟ ಹಣ, ತಕ್ಕಡಿ ತೋರಿಸಿದ ತೂಕ, ಮರುತೂಕದಲ್ಲಿ ಬಂದ ತೂಕ ಇವಿಷ್ಟನ್ನು ಬರೆದಿಟ್ಟುಕೊಳ್ಳಿ, ಬಿಲ್ ಇದ್ದರೆ ಜೋಪಾನ ಮಾಡಿ. ಮುಂದಿನ ಸಲ ತರಕಾರಿಗೆ ಹೊರಟಾಗ ಮನೆಯಲ್ಲಿರುವ ಸೀಲ್ ಒಡೆಯದ ಸಕ್ಕರೆಯನ್ನೋ ಉಪ್ಪನ್ನೋ ಒಂದು ಕಿಲೊ ಚೀಲದಲ್ಲಿ ಹಾಕಿಕೊಂಡು ಹೋಗಿ.